ಡಿಕ್ಲೇರ್ ಯಾವಾಗ, ಫಾಲೋಆನ್ ಯಾವಾಗ: ರನ್ ಬಿಟ್ಟು ಓವರ್ ಎಣಿಸುವ ಕ್ರಮ

ಟೆಸ್ಟ್ ಪಂದ್ಯದ ನಾಲ್ಕನೆಯ ದಿನ ಚಹಾ ವಿರಾಮ ಹತ್ತಿರವಾಗುತ್ತಿದ್ದಂತೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಷ್ಟು ಮುನ್ನಡೆ ಸಾಕೇ? ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಎದುರಾಳಿಯ ಹತ್ತು ವಿಕೆಟ್ ಕೀಳಲು ನಮ್ಮ ಬೌಲರ್‌ಗಳಿಗೆ ಎಷ್ಟು ಓವರ್ ಬೇಕು ಎಂಬುದು ಮೊದಲನೆಯದು. ಮುನ್ನಡೆ ಎಷ್ಟೇ ದೊಡ್ಡದಿರಲಿ, ಹತ್ತನೆಯ ವಿಕೆಟ್ ಬೀಳದಿದ್ದರೆ ಪಂದ್ಯ ಡ್ರಾ. ಆದ್ದರಿಂದ ನಮ್ಮ ಇನಿಂಗ್ಸ್ ನಾವೇ ಮುಗಿಸುವ ಡಿಕ್ಲೇರ್ ಆಗಲಿ, ಹಿಂದುಳಿದ ಎದುರಾಳಿಯನ್ನು ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸುವ ಫಾಲೋಆನ್ ಆಗಲಿ, ಮೂಲದಲ್ಲಿ ಓವರ್‌ಗಳ ಲೆಕ್ಕ. ಆ ಲೆಕ್ಕವನ್ನು ಹಂತ ಹಂತವಾಗಿ ಮಾಡುವುದು ಹೇಗೆಂದು, ನಿಜವಾಗಿ ನಡೆದ ಪಂದ್ಯಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲ ಹಂತ: ಉಳಿದ ಓವರ್ ಎಣಿಸಿ

ದಿನಕ್ಕೆ ಕನಿಷ್ಠ 90 ಓವರ್. ಇನಿಂಗ್ಸ್ ಬದಲಾಗುವಾಗ ಹತ್ತು ನಿಮಿಷ ಹೋಗುತ್ತದೆ, ಅದಕ್ಕೆ ಎರಡು ಓವರ್ ಕಳೆಯಿರಿ. ಭೋಜನ ಅಥವಾ ಚಹಾ ವಿರಾಮದ ಹೊತ್ತಿಗೆ ಸರಿಯಾಗಿ ಡಿಕ್ಲೇರ್ ಮಾಡಿಕೊಂಡರೆ ಆ ಹತ್ತು ನಿಮಿಷ ವಿರಾಮದೊಳಗೇ ಸೇರಿಹೋಗುತ್ತದೆ, ಎರಡು ಓವರ್ ಉಳಿಯುತ್ತದೆ. ವಿರಾಮದ ಸಮಯದಲ್ಲಿ ಡಿಕ್ಲೇರ್ ಘೋಷಣೆಗಳು ಹೆಚ್ಚಾಗಿ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಬಳಿಕ ಮಳೆ ಮತ್ತು ಬೆಳಕಿನ ಲೆಕ್ಕ. ಐದನೆಯ ದಿನ ಮಧ್ಯಾಹ್ನ ಮಳೆಯ ಮುನ್ಸೂಚನೆ ಇದ್ದರೆ ಕಾಗದದ ಮೇಲಿನ 90 ಓವರ್ 60 ಆಗಬಹುದು. ಈ ಕಡಿತವನ್ನು ಡಿಕ್ಲೇರ್ ಮಾಡುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮಳೆ ಶುರುವಾದ ಮೇಲೆ ಹಿಡಿದು ಪ್ರಯೋಜನವಿಲ್ಲ.

ಎರಡನೆಯ ಹಂತ: ಹತ್ತು ವಿಕೆಟ್‌ಗೆ ಬೇಕಾದ ಓವರ್

ಇದಕ್ಕೆ ನಾನು ಬಳಸುವ ಅಂದಾಜು ಸರಳ. ಸಾಧಾರಣ ಪಿಚ್‌ನಲ್ಲಿ, ಒಳ್ಳೆಯ ಬೌಲಿಂಗ್ ಪಡೆಗೆ ಒಂದು ವಿಕೆಟ್‌ಗೆ ಹತ್ತು ಓವರ್. ಅಂದರೆ ಆಲೌಟ್ ಮಾಡಲು ನೂರು ಓವರ್. ಪಿಚ್ ಒಡೆದು ಚೆಂಡು ತಿರುಗುತ್ತಿದ್ದರೆ, ಒಳ್ಳೆಯ ಸ್ಪಿನ್ನರ್ ಇದ್ದರೆ, ಎಪ್ಪತ್ತಕ್ಕೆ ಇಳಿಸಬಹುದು. ಪಿಚ್ ಸಪಾಟಾಗಿದ್ದರೆ, ಎದುರಾಳಿಗೆ ಗೆಲ್ಲುವ ಆಸೆಯೇ ಇಲ್ಲದೆ ಕೇವಲ ತಡೆಯುವ ಮನಸ್ಸಿದ್ದರೆ, 120 ಇಟ್ಟುಕೊಳ್ಳಿ.

2004ರ ಮುಲ್ತಾನ್ ಟೆಸ್ಟ್ ನೋಡಿ. ಹಂಗಾಮಿ ನಾಯಕ ರಾಹುಲ್ ದ್ರಾವಿಡ್ ಎರಡನೆಯ ದಿನದ ಸಂಜೆ 5 ವಿಕೆಟ್‌ಗೆ 675 ರನ್ ಇರುವಾಗ ಡಿಕ್ಲೇರ್ ಮಾಡಿಕೊಂಡರು. ಸೆಹ್ವಾಗ್ ಆಗಲೇ 309 ಹೊಡೆದಿದ್ದರು. ಸಚಿನ್ 194ರಲ್ಲಿ ಅಜೇಯರಾಗಿದ್ದರು. ಪಾಕಿಸ್ತಾನ 407 ಮತ್ತು 216ಕ್ಕೆ ಆಲೌಟ್ ಆಗಿ, ಭಾರತ ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು. ಎರಡನೆಯ ಇನಿಂಗ್ಸ್‌ನಲ್ಲಿ ಅನಿಲ್ ಕುಂಬ್ಳೆ 72 ರನ್ನಿಗೆ 6 ವಿಕೆಟ್ ಕಿತ್ತರು. ಆ ಇಪ್ಪತ್ತು ವಿಕೆಟ್‌ಗೆ ಭಾರತದ ಬೌಲರ್‌ಗಳು ಹಾಕಿದ್ದು ಸುಮಾರು ಇನ್ನೂರು ಓವರ್, ವಿಕೆಟ್‌ಗೆ ಹತ್ತರ ಲೆಕ್ಕಕ್ಕೆ ಬಹುತೇಕ ಸರಿಯಾಗಿ.

ಸಚಿನ್ ಅವರಿಗೆ ತಪ್ಪಿದ ದ್ವಿಶತಕದ ಬಗ್ಗೆ ಆದ ಚರ್ಚೆ ಇಂದಿಗೂ ಮುಗಿದಿಲ್ಲ. ಪಂದ್ಯ ಐದನೆಯ ದಿನದ ಆರಂಭದಲ್ಲೇ ಮುಗಿದಿದ್ದರಿಂದ, ಇನ್ನೆರಡು ಓವರ್ ಆಡಿದ್ದರೂ ಗೆಲುವು ಕೈತಪ್ಪುತ್ತಿರಲಿಲ್ಲ ಎಂದು ಈಗ ಹೇಳುವುದು ಸುಲಭ. ಆದರೆ ಆ ಸಂಜೆ ನಾಯಕನ ಕೈಯಲ್ಲಿದ್ದದ್ದು ಅಂದಾಜು ಮಾತ್ರ. ಆ ಪಿಚ್‌ನಲ್ಲಿ 675 ರನ್ ಬಂದಿತ್ತು, ಪಾಕಿಸ್ತಾನದ ನೆಲದಲ್ಲಿ ಭಾರತ ಅಲ್ಲಿಯವರೆಗೆ ಒಂದು ಟೆಸ್ಟ್ ಕೂಡ ಗೆದ್ದಿರಲಿಲ್ಲ. ದಿನವಿಡೀ ಫೀಲ್ಡಿಂಗ್ ಮಾಡಿ ದಣಿದ ಆರಂಭಿಕರ ಮುಂದೆ ಸಂಜೆಯ ಉಳಿದ ಓವರ್‌ಗಳಲ್ಲಿ ಹೊಸ ಚೆಂಡು ಹಾಕುವ ಅವಕಾಶದ ಬೆಲೆ ಆಗ ದೊಡ್ಡದು. ದ್ರಾವಿಡ್ ಮಾಡಿದ್ದು ಸರಿ ಎಂದೇ ನಾನು ಇಂದಿಗೂ ವಾದಿಸುತ್ತೇನೆ.

ಮೂರನೆಯ ಹಂತ: ಗುರಿಯನ್ನು ಓವರಿಗೆ ಎಷ್ಟು ರನ್ ಎಂದು ನೋಡಿ

ಈಗ ಮುನ್ನಡೆಯ ಸರದಿ. 350 ದೊಡ್ಡ ಗುರಿಯೇ? 140 ಓವರ್ ಇದ್ದರೆ ಅಲ್ಲ, 80 ಓವರ್ ಇದ್ದರೆ ಹೌದು. ಗುರಿಯನ್ನು ಉಳಿದ ಓವರ್‌ಗಳಿಂದ ಭಾಗಿಸಿ. ಓವರಿಗೆ ಮೂರಕ್ಕಿಂತ ಕಡಿಮೆ ಬಂದರೆ ಎದುರಾಳಿ ಬೆವರದೆ ಬೆನ್ನಟ್ಟಬಹುದು, ಅಲ್ಲಿ ನಿಮ್ಮನ್ನು ಕಾಯುವುದು ವಿಕೆಟ್‌ಗಳು ಮಾತ್ರ. ಮೂರೂವರೆಯಿಂದ ನಾಲ್ಕೂವರೆ ನಡುವೆ ಇದ್ದರೆ ಅವರಿಗೆ ಆಸೆ ಇರುತ್ತದೆ, ಆಸೆ ಇದ್ದವರು ಹೊಡೆಯಲು ಹೋಗುತ್ತಾರೆ, ಹೊಡೆಯಲು ಹೋದವರು ಔಟಾಗುತ್ತಾರೆ. ಐದು ದಾಟಿದರೆ ಗೆಲುವನ್ನು ಮರೆತು ಬ್ಯಾಟ್ ಪ್ಯಾಡ್ ಜೋಡಿಸಿ ನಿಂತುಬಿಡುತ್ತಾರೆ. ಆಗ ಸೋಲಿನ ಭಯ ನಿಮಗಿಲ್ಲ, ಆದರೆ ಪ್ರತಿ ವಿಕೆಟ್‌ಗೂ ಹೆಚ್ಚು ಓವರ್ ಬೇಕು.

ಬರೀ ರನ್ ನೋಡಿ ಧೈರ್ಯ ತಂದುಕೊಂಡವರಿಗೆ 1976ರ ಪೋರ್ಟ್ ಆಫ್ ಸ್ಪೇನ್ ನೆನಪಿರಲಿ. ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ 6 ವಿಕೆಟ್‌ಗೆ 271ಕ್ಕೆ ಡಿಕ್ಲೇರ್ ಮಾಡಿಕೊಂಡು ಭಾರತಕ್ಕೆ 403 ರನ್ ಗುರಿ ಕೊಟ್ಟರು. ಅದಕ್ಕೂ ಮೊದಲು ನಾನೂರು ದಾಟಿದ ಗುರಿಯನ್ನು ಬೆನ್ನಟ್ಟಿ ಗೆದ್ದದ್ದು ಒಂದೇ ತಂಡ, 1948ರಲ್ಲಿ ಲೀಡ್ಸ್‌ನಲ್ಲಿ ಆಸ್ಟ್ರೇಲಿಯಾ. ಅಂಕಿಯ ಮಟ್ಟಿಗೆ ಲಾಯ್ಡ್ ಅವರ ಧೈರ್ಯಕ್ಕೆ ಆಧಾರ ಇತ್ತು. ಆದರೆ ಭಾರತಕ್ಕೆ ಒಂದೂವರೆ ದಿನದಷ್ಟು ಸಮಯ ಸಿಕ್ಕಿತ್ತು, ಅವಸರ ಬೇಕಿರಲಿಲ್ಲ. ಲಾಯ್ಡ್ ನಂಬಿದ್ದ ಮೂವರು ಸ್ಪಿನ್ನರ್‌ಗಳಿಗೆ ವಿಕೆಟ್ ಕೀಳುವ ಬಲ ಇರಲಿಲ್ಲ. ಗಾವಸ್ಕರ್ 102, ಭದ್ರಾವತಿಯ ಜಿ.ಆರ್. ವಿಶ್ವನಾಥ್ 112, ಮೊಹಿಂದರ್ ಅಮರನಾಥ್ 85. ಭಾರತ 4 ವಿಕೆಟ್‌ಗೆ 406. ಹತ್ತು ವಿಕೆಟ್ ಕೀಳುವವರು ತಂಡದಲ್ಲಿ ಇಲ್ಲದಿದ್ದರೆ 403 ಕೂಡ ಕಡಿಮೆಯೇ.

ನಾಲ್ಕನೆಯ ಹಂತ: ಫಾಲೋಆನ್ ಹೇರಬೇಕೇ

ನಿಯಮ ಮೊದಲು. ಐದು ದಿನಗಳ ಪಂದ್ಯದಲ್ಲಿ ಮೊದಲು ಬ್ಯಾಟ್ ಮಾಡಿದ ತಂಡಕ್ಕೆ ಕನಿಷ್ಠ 200 ರನ್ ಮುನ್ನಡೆ ಇದ್ದರೆ ಫಾಲೋಆನ್ ಹೇರುವ ಹಕ್ಕಿದೆ. ಮೂರು ಅಥವಾ ನಾಲ್ಕು ದಿನಗಳ ಪಂದ್ಯದಲ್ಲಿ 150, ಎರಡು ದಿನಗಳದ್ದಾದರೆ 100. ಮೊದಲ ದಿನದ ಆಟ ಪೂರ್ತಿ ಮಳೆಗೆ ಹೋದರೆ ಉಳಿದ ದಿನಗಳ ಲೆಕ್ಕವೇ ಅನ್ವಯ, ಟೆಸ್ಟ್‌ನಲ್ಲೂ 150 ಸಾಕು. ತೀರ್ಮಾನವನ್ನು ಎದುರಾಳಿ ನಾಯಕನಿಗೂ ಅಂಪೈರ್‌ಗಳಿಗೂ ತಿಳಿಸಿದ ಮೇಲೆ ಬದಲಿಸುವಂತಿಲ್ಲ.

ಹಕ್ಕಿದೆ ಎಂದ ಮಾತ್ರಕ್ಕೆ ಬಳಸಲೇಬೇಕಿಲ್ಲ. ಫಾಲೋಆನ್ ಸಮಯ ಉಳಿಸುವ ಸಾಧನ, ನೀವು ಎರಡನೆಯ ಬಾರಿ ಬ್ಯಾಟ್ ಮಾಡಲು ತೆಗೆದುಕೊಳ್ಳುವ ಓವರ್‌ಗಳು ಉಳಿಯುತ್ತವೆ. ಅದಕ್ಕೆ ಎರಡು ಬೆಲೆ ಕೊಡುತ್ತೀರಿ. ಬೌಲರ್‌ಗಳು ವಿಶ್ರಾಂತಿ ಇಲ್ಲದೆ ಮತ್ತೆ ದುಡಿಯಬೇಕು, ಮತ್ತು ಎದುರಾಳಿ ಚೇತರಿಸಿಕೊಂಡರೆ ಸವೆದ ಪಿಚ್‌ನಲ್ಲಿ ಕೊನೆಯದಾಗಿ ಬ್ಯಾಟ್ ಮಾಡಬೇಕಾದವರು ನೀವು. ಹಾಗಾಗಿ ಮೊದಲ ಪ್ರಶ್ನೆ: ನನಗೆ ಸಮಯ ಕಡಿಮೆ ಇದೆಯೇ? ಇಲ್ಲವಾದರೆ, ಧಾರಾಳವಾಗಿ ಇರುವ ವಸ್ತುವನ್ನು ಉಳಿಸಲು ದುಬಾರಿ ಬೆಲೆ ಏಕೆ ಕೊಡಬೇಕು?

2001ರ ಕೋಲ್ಕತ್ತ ಟೆಸ್ಟ್ ಅನ್ನು ಈ ಕಣ್ಣಿನಿಂದ ನೋಡಿ. ಆಸ್ಟ್ರೇಲಿಯಾ 445, ಭಾರತ 58.1 ಓವರ್‌ಗಳಲ್ಲಿ 171. ಮುನ್ನಡೆ 274. ಮೂರನೆಯ ದಿನದ ಬೆಳಗ್ಗೆ ಸ್ಟೀವ್ ವಾ ಫಾಲೋಆನ್ ಹೇರಿದರು. ಬೌಲರ್‌ಗಳು ಹಾಕಿದ್ದು 58 ಓವರ್ ಮಾತ್ರ, ಅದೂ ನಡುವೆ ಒಂದು ರಾತ್ರಿ ಬಿಟ್ಟು. ದಣಿವಿನ ಕಡೆಯಿಂದ ನೋಡಿದರೆ ತೀರ್ಮಾನದಲ್ಲಿ ತಪ್ಪಿಲ್ಲ. ಆದರೆ ಆಗ ಉಳಿದಿದ್ದದ್ದು ಸುಮಾರು 250 ಓವರ್. ಆಸ್ಟ್ರೇಲಿಯಾ ಮತ್ತೆ ಬ್ಯಾಟಿಂಗ್‌ಗೆ ಇಳಿದು 60 ಓವರ್ ಆಡಿ, 200 ರನ್ ಸೇರಿಸಿ, 470ರಷ್ಟು ಮುನ್ನಡೆಯೊಂದಿಗೆ ಡಿಕ್ಲೇರ್ ಮಾಡಿಕೊಂಡಿದ್ದರೂ ಭಾರತವನ್ನು ಆಲೌಟ್ ಮಾಡಲು 185ಕ್ಕೂ ಹೆಚ್ಚು ಓವರ್ ಉಳಿಯುತ್ತಿದ್ದವು. ಈಡನ್‌ನಲ್ಲಿ ನಾಲ್ಕನೆಯ ಇನಿಂಗ್ಸ್ ಆಡುವ ಕಷ್ಟ ಆಗ ಭಾರತದ ಪಾಲಿಗೆ ಬರುತ್ತಿತ್ತು. ಮೊದಲ ಇನಿಂಗ್ಸ್‌ನಲ್ಲಿ ಹ್ಯಾಟ್ರಿಕ್ ಸಹಿತ ಏಳು ವಿಕೆಟ್ ಕಿತ್ತಿದ್ದ ಹರ್ಭಜನ್ ಸಿಂಗ್ ಅವರನ್ನು ಐದನೆಯ ದಿನ ಎದುರಿಸುವ ಗತಿ ಆಸ್ಟ್ರೇಲಿಯಾಕ್ಕೆ ಬರುತ್ತಿರಲಿಲ್ಲ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಲಕ್ಷ್ಮಣ್ 281, ದ್ರಾವಿಡ್ 180, ಇಬ್ಬರ ಜೊತೆಯಾಟ 376. ನಾಲ್ಕನೆಯ ದಿನ ಪೂರ್ತಿ ಒಂದು ವಿಕೆಟ್ ಕೂಡ ಬೀಳಲಿಲ್ಲ. ಆಸ್ಟ್ರೇಲಿಯಾದ ಬೌಲರ್‌ಗಳು ಒಟ್ಟು 178 ಓವರ್ ಹಾಕಿದರು. ಫಾಲೋಆನ್‌ಗೆ ಒಳಗಾದ ತಂಡ ಟೆಸ್ಟ್ ಗೆದ್ದಿರುವುದು ನಾಲ್ಕೇ ಸಲ: 1894ರಲ್ಲಿ ಸಿಡ್ನಿ, 1981ರಲ್ಲಿ ಹೆಡಿಂಗ್ಲೆ, 2001ರಲ್ಲಿ ಕೋಲ್ಕತ್ತ, 2023ರಲ್ಲಿ ವೆಲ್ಲಿಂಗ್ಟನ್. ವೆಲ್ಲಿಂಗ್ಟನ್‌ನಲ್ಲಿ 226 ರನ್ ಹಿಂದಿದ್ದ ನ್ಯೂಜಿಲೆಂಡ್ 483 ಹೊಡೆದು, 258 ಬೆನ್ನಟ್ಟಿದ ಇಂಗ್ಲೆಂಡ್ ಅನ್ನು ಒಂದೇ ರನ್ನಿನಿಂದ ಸೋಲಿಸಿತು. ನಾಲ್ಕೇ ಸಲ ಎಂದರೆ ಫಾಲೋಆನ್ ಹೇರಿ ಸೋಲುವುದು ಅಪರೂಪ ಎಂದೇ ಅರ್ಥ. ಸೋಲಿಗಿಂತ ಹೆಚ್ಚಾಗಿ ಸಂಭವಿಸುವುದು ಬೇರೆ: ದಣಿದ ಬೌಲರ್‌ಗಳಿಂದ ಪಂದ್ಯ ಡ್ರಾ ಆಗುವುದು, ಅಥವಾ ಗೆದ್ದರೂ ಅದೇ ಬೌಲರ್‌ಗಳು ಮುಂದಿನ ಟೆಸ್ಟ್‌ಗೆ ಸೊರಗಿ ಬರುವುದು.

ಸಮಯ ಕಡಿಮೆ ಇದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಮಳೆಯಿಂದ ಒಂದೂವರೆ ದಿನ ಹೋಗಿ, 130 ಓವರ್ ಉಳಿದು, 210 ಮುನ್ನಡೆ ಇದ್ದರೆ ಯೋಚಿಸಲು ಏನೂ ಇಲ್ಲ, ಫಾಲೋಆನ್ ಹೇರಿ. ಮತ್ತೆ ಬ್ಯಾಟ್ ಮಾಡಿ 40 ಓವರ್ ಕಳೆದರೆ ಉಳಿಯುವುದು 90ಕ್ಕೂ ಕಡಿಮೆ, ಹತ್ತು ವಿಕೆಟ್‌ಗೆ ಅದು ಸಾಲದು.

ಓವಲ್ 2007: ಒಂದು ತೀರ್ಮಾನದ ಒಳಹೊರಗು

ಈ ನಾಲ್ಕೂ ಹಂತಗಳು ಒಟ್ಟಿಗೆ ಬಂದ ಪಂದ್ಯ ಇದು. ಭಾರತ ಸರಣಿಯಲ್ಲಿ 1-0 ಮುಂದಿತ್ತು, ಇದು ಕೊನೆಯ ಟೆಸ್ಟ್. ಭಾರತ 664 (ಕುಂಬ್ಳೆ ಅವರ ಏಕೈಕ ಟೆಸ್ಟ್ ಶತಕ, ಅಜೇಯ 110, ಇದರಲ್ಲೇ ಬಂದದ್ದು). ಇಂಗ್ಲೆಂಡ್ 103 ಓವರ್‌ಗಳಲ್ಲಿ 345. ಮುನ್ನಡೆ 319. ಇಂಗ್ಲೆಂಡ್ ಆಲೌಟ್ ಆದದ್ದು ನಾಲ್ಕನೆಯ ದಿನದ ಬೆಳಗ್ಗೆ, ಹಾಗಾಗಿ ಸುಮಾರು 170 ಓವರ್ ಉಳಿದಿತ್ತು. ನಾಯಕ ದ್ರಾವಿಡ್ ಫಾಲೋಆನ್ ಹೇರಲಿಲ್ಲ. ಟೀಕೆಯ ಮಳೆಯೇ ಸುರಿಯಿತು.

ಮೊದಲು ಫಾಲೋಆನ್ ಹೇರಿದ್ದರೆ ಏನಾಗುತ್ತಿತ್ತು ನೋಡೋಣ. ಹತ್ತು ವಿಕೆಟ್‌ಗೆ 170 ಓವರ್, ಇದು ಬೇಕಾದಷ್ಟು. ಆದರೆ ಬೌಲರ್‌ಗಳು ನಾಲ್ವರೇ: ಜಹೀರ್, ಶ್ರೀಶಾಂತ್, ಆರ್.ಪಿ. ಸಿಂಗ್, ಕುಂಬ್ಳೆ. ಅವರು ಆಗಷ್ಟೇ ನೂರು ಓವರ್ ಮುಗಿಸಿದ್ದರು, ಮೂರು ಟೆಸ್ಟ್‌ಗಳ ಸರಣಿಯ ಕೊನೆಯಲ್ಲಿದ್ದರು. ಪಿಚ್ ಇನ್ನೂ ಬ್ಯಾಟಿಂಗ್‌ಗೆ ಚೆನ್ನಾಗಿತ್ತು. ಎರಡನೆಯ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ ನಿಜವಾಗಿ ಹೊಡೆದದ್ದು 110 ಓವರ್‌ಗಳಲ್ಲಿ 6 ವಿಕೆಟ್‌ಗೆ 369. ಫಾಲೋಆನ್‌ನಲ್ಲೂ ಅಷ್ಟೇ ಹೊಡೆದಿದ್ದರೆ 50 ರನ್ ಮುಂದಿದ್ದು ನಾಲ್ಕು ವಿಕೆಟ್ ಕೈಯಲ್ಲಿರುತ್ತಿತ್ತು, 60 ಓವರ್ ಬಾಕಿ. ಭಾರತ ಕೊನೆಗೆ ನೂರಿನ್ನೂರರ ಒಳಗಿನ ಗುರಿ ಬೆನ್ನಟ್ಟಬೇಕಾಗುತ್ತಿತ್ತು. ಗೆಲ್ಲುವ ಸಾಧ್ಯತೆ ಹೆಚ್ಚು, ನಿಜ. ಜೊತೆಗೆ ಸೋಲಿಗೂ ಒಂದು ಸಣ್ಣ ಬಾಗಿಲು ತೆರೆದಿರುತ್ತಿತ್ತು.

ಇಲ್ಲಿ ಸರಣಿಯ ಸ್ಥಿತಿ ಬರುತ್ತದೆ. ಡ್ರಾ ಆದರೂ ಸರಣಿ ಭಾರತದ್ದು, 1986ರ ಬಳಿಕ ಇಂಗ್ಲೆಂಡ್‌ನಲ್ಲಿ ಮೊದಲ ಸರಣಿ ಜಯ. ಗೆದ್ದರೆ 2-0, ಸೋತರೆ 1-1. 2-0ರಿಂದ ಸಿಗುವ ಲಾಭಕ್ಕಿಂತ 1-1ರಿಂದ ಆಗುವ ನಷ್ಟ ಎಷ್ಟೋ ದೊಡ್ಡದು. ಹೀಗಿರುವಾಗ ಆ ಸಣ್ಣ ಬಾಗಿಲನ್ನೂ ಮುಚ್ಚಿದ್ದು ಹೇಡಿತನ ಅಲ್ಲ. ಫಾಲೋಆನ್ ಹೇರದ ತೀರ್ಮಾನವನ್ನು ನಾನು ಒಪ್ಪುತ್ತೇನೆ.

ನಾನು ಒಪ್ಪದಿರುವುದು ಆಮೇಲಿನ ಬ್ಯಾಟಿಂಗ್ ಅನ್ನು. ಭಾರತ 11 ರನ್ನಿಗೆ 3 ವಿಕೆಟ್ ಕಳೆದುಕೊಂಡಿತು. ದ್ರಾವಿಡ್ 96 ಎಸೆತ ಆಡಿ 12 ರನ್ ಗಳಿಸಿದರು. ಕೊನೆಗೆ 58 ಓವರ್‌ಗಳಲ್ಲಿ 6 ವಿಕೆಟ್‌ಗೆ 180, ಗುರಿ 500. ಬೌಲರ್‌ಗಳಿಗೆ ವಿಶ್ರಾಂತಿ ಕೊಡುವುದೇ ಉದ್ದೇಶವಾದರೆ 30 ಓವರ್ ಸಾಕಿತ್ತು. ಓವರಿಗೆ ಮೂರರಂತೆ 90 ರನ್ ಸೇರಿಸಿ 410ರ ಗುರಿ ಕೊಟ್ಟಿದ್ದರೆ ಬೌಲರ್‌ಗಳಿಗೆ 138 ಓವರ್ ಸಿಗುತ್ತಿತ್ತು. ಇಂಗ್ಲೆಂಡ್‌ಗೆ ಸರಣಿ ಸಮ ಮಾಡಲು ಗೆಲುವೇ ಬೇಕಿದ್ದರಿಂದ ಅವರು ಹೊಡೆಯಲು ಬರುತ್ತಿದ್ದರು. ಆರು ವಿಕೆಟ್ ಬೀಳಲು 110 ಓವರ್ ಹಿಡಿಯಿತು, ಇನ್ನು 28 ಓವರ್ ಇದ್ದಿದ್ದರೆ ಬಾಲಂಗೋಚಿಗಳು ಸಿಗುತ್ತಿದ್ದರು. ಫಾಲೋಆನ್ ಬೇಡ ಎಂದ ನಾಯಕ ಒಳಗೆ ಹೋಗುವಾಗಲೇ ತಂಡಕ್ಕೆ ಎಷ್ಟು ಓವರ್, ಎಷ್ಟು ರನ್ ಎಂದು ಹೇಳಿ ಕಳಿಸಬೇಕು. ಬೇಗ ವಿಕೆಟ್ ಬಿದ್ದರೂ ಓವರ್‌ಗಳ ಮಿತಿಯನ್ನು ಹಿಗ್ಗಿಸಬಾರದು.

ಐದನೆಯ ಹಂತ: ಡಿಕ್ಲೇರ್ ಮಾಡುವ ಕ್ಷಣ

ಬ್ಯಾಟ್ ಮಾಡುತ್ತಿರುವಾಗ ಪ್ರತಿ ಹತ್ತು ಓವರಿಗೊಮ್ಮೆ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇನ್ನು ಐದು ಓವರ್ ಆಡಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ? ಕೋಲ್ಕತ್ತದಲ್ಲೇ ಉದಾಹರಣೆ ಇದೆ. ನಾಲ್ಕನೆಯ ದಿನದ ಕೊನೆಗೆ ಭಾರತ 4 ವಿಕೆಟ್‌ಗೆ 589, ಅಂದರೆ 315 ಮುಂದೆ. ರಾತ್ರಿಯೇ ಡಿಕ್ಲೇರ್ ಮಾಡಿಕೊಂಡಿದ್ದರೆ ಆಸ್ಟ್ರೇಲಿಯಾಕ್ಕೆ 90 ಓವರ್‌ಗಳಲ್ಲಿ 316 ರನ್, ಓವರಿಗೆ ಮೂರೂವರೆ. ಹೇಡನ್, ಗಿಲ್‌ಕ್ರಿಸ್ಟ್ ಇದ್ದ ತಂಡಕ್ಕೆ ಅದು ಆಹ್ವಾನ. ಸೌರವ್ ಗಂಗೂಲಿ ಬೆಳಗ್ಗೆ ಹದಿಮೂರು ಓವರ್ ಆಡಿಸಿದರು, 68 ರನ್ ಬಂತು. ಗುರಿ 384, ಉಳಿದದ್ದು 75 ಓವರ್, ಬೇಕಾದ ವೇಗ ಓವರಿಗೆ ಐದಕ್ಕಿಂತ ಹೆಚ್ಚು. ಹದಿನೈದು ಓವರ್ ಕೊಟ್ಟು ಸೋಲಿನ ಭಯವನ್ನು ಪೂರ್ತಿ ತೆಗೆದುಹಾಕಿದರು, ಇದರಿಂದ ಹರ್ಭಜನ್ ಸುತ್ತ ಫೀಲ್ಡರ್‌ಗಳನ್ನು ಕೂರಿಸಲು ಸಾಧ್ಯವಾಯಿತು. ಹತ್ತನೆಯ ವಿಕೆಟ್ ಬಿದ್ದದ್ದು 68.3 ಓವರಿಗೆ. ಬೆಳಗ್ಗೆ ಇನ್ನೊಂದು ಏಳು ಓವರ್ ಆಡಿಸಿದ್ದರೆ ಗೆಲುವು ಕೈಗೆ ಸಿಗದೇ ಹೋಗುತ್ತಿತ್ತು. ಹೆಚ್ಚಿನ ರನ್ ಎಲ್ಲಿಯವರೆಗೆ ಫೀಲ್ಡಿಂಗ್ ಅನ್ನು ಆಕ್ರಮಣಕಾರಿಯಾಗಿ ಇಡಲು ನೆರವಾಗುತ್ತದೋ ಅಲ್ಲಿಯವರೆಗೆ ಮಾತ್ರ ಅದಕ್ಕೆ ಬೆಲೆ. ಅದರಾಚೆಗಿನ ಪ್ರತಿ ರನ್ನೂ ಬೌಲರ್‌ನ ಕೈಯಿಂದ ಓವರ್ ಕಿತ್ತುಕೊಳ್ಳುತ್ತದೆ.

ಗುರಿಯನ್ನು ತಗ್ಗಿಸದೆ ಓವರ್ ಉಳಿಸುವ ದಾರಿ ಒಂದೇ, ವೇಗವಾಗಿ ಹೊಡೆಯುವುದು. 2005ರ ಬೆಂಗಳೂರು ಟೆಸ್ಟ್‌ನಲ್ಲಿ ಸರಣಿಯಲ್ಲಿ 0-1 ಹಿಂದಿದ್ದ ಪಾಕಿಸ್ತಾನಕ್ಕೆ ಗೆಲುವೇ ಬೇಕಿತ್ತು. ಮೊದಲ ಇನಿಂಗ್ಸ್‌ನ 121 ರನ್ ಮುನ್ನಡೆಯ ಮೇಲೆ ಅದು ಓವರಿಗೆ ಐದರ ಮೇಲಿನ ವೇಗದಲ್ಲಿ 2 ವಿಕೆಟ್‌ಗೆ 261 ಸೇರಿಸಿತು, ಅಫ್ರಿದಿ 34 ಎಸೆತಗಳಲ್ಲಿ 58. ಇಂಜಮಾಮ್ ನಾಲ್ಕನೆಯ ದಿನ ಸಂಜೆ ಡಿಕ್ಲೇರ್ ಮಾಡಿಕೊಂಡರು. 383ರ ಗುರಿಯ ಮುಂದೆ ಭಾರತ ಐದನೆಯ ದಿನ 214ಕ್ಕೆ ಉರುಳಿತು. ಅದೇ 261 ರನ್ ಓವರಿಗೆ ಮೂರರಂತೆ ಬಂದಿದ್ದರೆ 87 ಓವರ್ ಬೇಕಾಗುತ್ತಿತ್ತು, ಐದನೆಯ ದಿನ ಬೌಲಿಂಗ್‌ಗೆ ಸಿಗುವ ಓವರ್‌ಗಳು ಬಹಳ ಕಡಿಮೆಯಾಗುತ್ತಿದ್ದವು.

ಡಿಕ್ಲೇರ್ ಆದ ಮೇಲೆ

ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿ ವಿರಾಮದಲ್ಲೂ ಎರಡು ಅಂಕಿ ಹೊಸದಾಗಿ ಬರೆದುಕೊಳ್ಳಿ: ಉಳಿದ ಓವರ್‌ಗಳನ್ನು ಉಳಿದ ವಿಕೆಟ್‌ಗಳಿಂದ ಭಾಗಿಸಿದರೆ ಎಷ್ಟು, ಬೇಕಾದ ರನ್‌ಗಳನ್ನು ಉಳಿದ ಓವರ್‌ಗಳಿಂದ ಭಾಗಿಸಿದರೆ ಎಷ್ಟು. ವಿಕೆಟ್‌ಗೆ ಹತ್ತು ಓವರ್‌ಗಿಂತ ಕಡಿಮೆ ಉಳಿದಿದ್ದರೆ ಸ್ಲಿಪ್, ಸಿಲ್ಲಿ ಪಾಯಿಂಟ್‌ಗಳಿಗೆ ಇನ್ನೂ ಫೀಲ್ಡರ್‌ಗಳನ್ನು ತನ್ನಿ, ಹೊಸ ಚೆಂಡು ಎಂಬತ್ತನೆಯ ಓವರಿನ ಬಳಿಕ ಯಾರ ಕೈಗೆ ಎಂದು ಈಗಲೇ ನಿರ್ಧರಿಸಿ. ಬೇಕಾದ ವೇಗ ಏರದೆ, ಎರಡು ಅವಧಿಗಳಿಂದ ಒಂದೇ ಕಡೆ ನಿಂತಿದ್ದು, ಕೈಯಲ್ಲಿ ಏಳೆಂಟು ವಿಕೆಟ್ ಇದ್ದರೆ ಅದು ಅಪಾಯದ ಗುರುತು. ಆಗ ಬೌಂಡರಿಗೆ ಇಬ್ಬರನ್ನು ಕಳಿಸಲು ಸಂಕೋಚ ಬೇಡ.

ಕೊನೆಯ ಗಂಟೆಯಲ್ಲಿ ಕನಿಷ್ಠ 15 ಓವರ್ ಸಿಗುತ್ತದೆ. ಐದು ವಿಕೆಟ್ ಬಾಕಿ ಇದ್ದರೂ ಆಟ ಬಿಡಬೇಡಿ, ಬಾಲಂಗೋಚಿಗಳ ವಿಕೆಟ್‌ಗೆ ಹತ್ತು ಓವರ್ ಬೇಕಾಗುವುದಿಲ್ಲ. 2008ರ ಸಿಡ್ನಿಯಲ್ಲಿ ಆಸ್ಟ್ರೇಲಿಯಾ 7 ವಿಕೆಟ್‌ಗೆ 401ಕ್ಕೆ ಡಿಕ್ಲೇರ್ ಮಾಡಿಕೊಂಡು, 72 ಓವರ್‌ಗಳಲ್ಲಿ 333ರ ಗುರಿ ಕೊಟ್ಟಿತ್ತು. ಅಂಪೈರಿಂಗ್ ಬಗ್ಗೆ ಭಾರತಕ್ಕಿದ್ದ ಅಸಮಾಧಾನ ನ್ಯಾಯವಾದದ್ದೇ. ಆದರೂ ಕೊನೆಯ ಮೂರು ವಿಕೆಟ್‌ಗಳು ಬಿದ್ದದ್ದು ಅರೆಕಾಲಿಕ ಸ್ಪಿನ್ನರ್ ಮೈಕೆಲ್ ಕ್ಲಾರ್ಕ್ ಹಾಕಿದ ಒಂದೇ ಓವರಿನಲ್ಲಿ. ಆಗ ಎರಡು ಓವರ್ ಕೂಡ ಉಳಿದಿರಲಿಲ್ಲ, ಇನ್ನೊಂದು ತುದಿಯಲ್ಲಿ ನಾಯಕ ಕುಂಬ್ಳೆ 45ರಲ್ಲಿ ಅಜೇಯರಾಗಿ ನಿಂತಿದ್ದರು.